ಡಾಕ್ಟರು ಹಾಕಿದ ಲೆಕ್ಕ

ತಜ್ಞ ಸಾಕ್ಷಿಯ ಪಾಟಿ ಸವಾಲಿಗೆ ಎದ್ದು ನಿಂತ ಜೂನಿಯರ್ ವಕೀಲರು ಮೊದಲು ಮುಗಿಬೀಳುವುದು ಅವರ ಡಿಗ್ರಿಯ ಮೇಲೆ. ಅಲ್ಲಿ ಏನೂ ಸಿಗುವುದಿಲ್ಲ, ಡಿಗ್ರಿ ಅಸಲಿಯೇ ಇರುತ್ತದೆ. ನಾನು ಸಾಕ್ಷಿಯ ಒಂದೊಂದು ವಾಕ್ಯದ ಪಕ್ಕದಲ್ಲೂ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋಗುತ್ತೇನೆ: ಇದು ಅವರ ವಿದ್ಯೆಯಿಂದ ಬಂದ ಮಾತೋ, ಅಲ್ಲವೋ?

ಒಬ್ಬ ಕೈಬರಹ ತಜ್ಞರು ಸಹಿಯ ಗೆರೆಯಲ್ಲಿ ನಡುಕವಿದೆ, ಮಧ್ಯೆ ಎರಡು ಕಡೆ ಪೆನ್ನು ಎತ್ತಿದ ಗುರುತಿದೆ ಎಂದರೆ ನಾನು ಒಪ್ಪಿಕೊಳ್ಳುತ್ತೇನೆ. ಅದನ್ನು ಕಾಣಲು ಅವರ ಕಣ್ಣು ಪಳಗಿದೆ, ನನ್ನದು ಪಳಗಿಲ್ಲ. ಅದೇ ಉಸಿರಿನಲ್ಲಿ "ಆದ್ದರಿಂದ ಇವರು ಹೆದರಿಕೊಂಡು ಸಹಿ ಮಾಡಿದ್ದಾರೆ" ಎಂದರೆ? ವಯಸ್ಸಾದರೂ ಕೈ ನಡುಗುತ್ತದೆ, ಕಾಯಿಲೆಗೂ ನಡುಗುತ್ತದೆ, ಬೇರೆಯವರ ಸಹಿಯನ್ನು ನಿಧಾನವಾಗಿ ನಕಲು ಮಾಡಿದರೂ ನಡುಗುತ್ತದೆ. ಹೆದರಿಕೆ ಗೆರೆಯಲ್ಲಿ ಕಾಣುವುದಿಲ್ಲ. ಆದರೆ ಎರಡೂ ವಾಕ್ಯ ಒಂದೇ ಬಾಯಿಂದ, ಒಂದೇ ಗಾಂಭೀರ್ಯದಲ್ಲಿ ಬಂದಿರುವುದರಿಂದ ಕೇಳುವವರಿಗೆ ಎರಡೂ ಒಂದೇ ತೂಕದವು ಅನ್ನಿಸುತ್ತದೆ. ತಜ್ಞರು ಹೇಳಿದರು ಎಂಬುದನ್ನೇ ಆಧಾರ ಮಾಡಿಕೊಳ್ಳುವುದು ತರ್ಕದೋಷವಾಗುವುದು ಜಾಸ್ತಿ ಇಲ್ಲಿಯೇ. ನಕಲಿ ತಜ್ಞರನ್ನು ಹಿಡಿಯುವುದು ಸುಲಭ. ಅಸಲಿ ತಜ್ಞರು ಪಕ್ಕದ ಹೊಲಕ್ಕೆ ಕಾಲಿಟ್ಟ ಗಳಿಗೆಯನ್ನು ಹಿಡಿಯುವುದು ಕಷ್ಟ.

ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ. ಆಕೆಯ ಮೊದಲ ಮಗು 1996ರಲ್ಲಿ ತೀರಿಕೊಂಡಿತು, ಎರಡನೆಯದು 1998ರಲ್ಲಿ. ಎರಡಕ್ಕೂ ಮೂರು ತಿಂಗಳು ತುಂಬಿರಲಿಲ್ಲ. ತಾಯಿಯೇ ಕೊಂದಳು ಎಂಬುದು ಆರೋಪ. 1999ರ ವಿಚಾರಣೆಯಲ್ಲಿ ಬಹಳ ಹೆಸರಿದ್ದ ಮಕ್ಕಳ ತಜ್ಞರೊಬ್ಬರು ಸಾಕ್ಷಿ ಹೇಳಿದರು. ಸಿಗರೇಟು ಸೇದದ, ಸಂಪಾದನೆಯಿರುವ, ತಾಯಿಗೆ 26 ದಾಟಿದ ಮನೆಯಲ್ಲಿ ಕಾರಣವೇ ತಿಳಿಯದೆ ಮಗು ಹಠಾತ್ತಾಗಿ ಸಾಯುವ ಸಾಧ್ಯತೆ 8,543ರಲ್ಲಿ ಒಂದು ಎಂದು ಒಂದು ಅಧ್ಯಯನ ಅಂದಾಜು ಮಾಡಿತ್ತು. ಎರಡು ಮಕ್ಕಳು ಹೀಗೆ ಹೋಗಬೇಕಾದರೆ 8,543ನ್ನು 8,543ರಿಂದ ಗುಣಿಸಬೇಕು, ಅಂದರೆ ಸುಮಾರು 7.3 ಕೋಟಿಯಲ್ಲಿ ಒಂದು ಎಂದರು ಅವರು. ಜ್ಯೂರಿ ಆಕೆಯನ್ನು ತಪ್ಪಿತಸ್ಥೆ ಎಂದಿತು.

ಪೆನ್ಸಿಲ್ ಹಿಡಿದು ನೋಡಿ. ಮಕ್ಕಳ ಕಾಯಿಲೆ ಅವರ ವಿದ್ಯೆ. ಗುಣಾಕಾರ ಮಾತ್ರ ಸಂಖ್ಯಾಶಾಸ್ತ್ರದ್ದು. ಒಂದು ಘಟನೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿದ್ದಾಗ ಮಾತ್ರ ಹಾಗೆ ಗುಣಿಸಬಹುದು. ಒಂದೇ ತಾಯಿತಂದೆಯ, ಒಂದೇ ಮನೆಯ ಮಕ್ಕಳು ಇವರು. ಮೊದಲ ಮಗುವನ್ನು ಕೊಂದ ಯಾವುದೋ ಆನುವಂಶಿಕ ದೋಷ ಎರಡನೆಯದರಲ್ಲೂ ಇರಬಹುದಲ್ವಾ? ಹಾಗಿದ್ದರೆ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. 7.3 ಕೋಟಿಯಲ್ಲಿ ಒಂದು ಎಂದ ಕೂಡಲೇ ಆಕೆ ನಿರಪರಾಧಿಯಾಗಿರುವ ಸಾಧ್ಯತೆಯೇ ಅಷ್ಟು ಎಂದು ಕಿವಿಗೆ ಕೇಳಿಸುತ್ತದೆ. ಅದು ಹಾಗಲ್ಲ. ಇಬ್ಬರು ಮಕ್ಕಳು ಸತ್ತಿರುವುದಂತೂ ನಿಜ. ತಾಯಿ ಎರಡು ಹಸುಗೂಸುಗಳನ್ನು ಒಂದಾದ ಮೇಲೊಂದು ಕೊಲ್ಲುವುದೂ ತೀರಾ ಅಪರೂಪ. ಎರಡು ಅಪರೂಪಗಳನ್ನು ಒಂದರ ಎದುರು ಒಂದಿಟ್ಟು ತೂಗಬೇಕಿತ್ತು. ಜ್ಯೂರಿಯ ಮುಂದೆ ಇಟ್ಟ ಅಂಕಿ ಒಂದೇ ತಟ್ಟೆಯದು.

2001ರಲ್ಲಿ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲ ಎಂದು ಬಹಿರಂಗವಾಗಿ ಹೇಳಿತು. 2003ರಲ್ಲಿ ಎರಡನೇ ಮೇಲ್ಮನವಿಯಲ್ಲಿ ಆಕೆಯ ಬಿಡುಗಡೆಯಾಯಿತು. ಅಷ್ಟರಲ್ಲಿ ಜೈಲಿನಲ್ಲಿ ಮೂರು ವರ್ಷ ಕಳೆದುಹೋಗಿತ್ತು. ಇಲ್ಲೊಂದು ಮಾತು ಸ್ಪಷ್ಟವಾಗಿರಲಿ: ಬಿಡುಗಡೆಗೆ ಮುಖ್ಯ ಕಾರಣ ಈ ಲೆಕ್ಕವಲ್ಲ. ಎರಡನೇ ಮಗುವಿನ ದೇಹದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದ ಪರೀಕ್ಷಾ ವರದಿಯನ್ನು ಶವಪರೀಕ್ಷೆ ಮಾಡಿದ ಡಾಕ್ಟರು ಆರೋಪಿಯ ಕಡೆಯವರಿಗೆ ತಿಳಿಸಿಯೇ ಇರಲಿಲ್ಲ. ಇದು ಇನ್ನೊಂದು ಬಗೆಯ ತೊಡಕು. ಆ ಡಾಕ್ಟರು ತಮ್ಮ ಹೊಲದಲ್ಲೇ ಇದ್ದರು, ಆದರೆ ಅವರ ಅಭಿಪ್ರಾಯದ ಹಿಂದೆ ಏನೇನಿದೆ ಎಂಬುದು ಪೂರ್ತಿ ಹೊರಗೆ ಬಂದಿರಲಿಲ್ಲ. ಅದಕ್ಕೇ ನಾನು ತಜ್ಞರ ವರದಿಯ ಕೊನೆಯ ಪುಟಕ್ಕೆ ತೃಪ್ತನಾಗುವುದಿಲ್ಲ. ಯಾವ ಪರೀಕ್ಷೆ ಮಾಡಿದಿರಿ, ಎಲ್ಲದರ ಫಲಿತಾಂಶ ಎಲ್ಲಿ ಎಂದು ಕೇಳುತ್ತೇನೆ.

ಈ ಕಥೆ ಕೇಳಿದ ಜೂನಿಯರ್ ಒಬ್ಬರು, "ಹಾಗಾದ್ರೆ ಸರ್, ಸಂಖ್ಯಾಶಾಸ್ತ್ರಜ್ಞರ ಸಂಘ ಹೇಳಿತು ಅಂತ ನಂಬೋದೂ ಅದೇ ತಪ್ಪಲ್ವಾ?" ಎಂದು ಕೇಳಿದ್ದರು. ಒಳ್ಳೇ ಪ್ರಶ್ನೆ. ನಮ್ಮ ಹಳೆಯ ತಾರ್ಕಿಕರು ಆಪ್ತವಾಕ್ಯವನ್ನು ಪ್ರಮಾಣ ಎಂದೇ ಒಪ್ಪಿದ್ದರು. ಆಪ್ತ ಎಂದರೆ ವಿಷಯವನ್ನು ತಾನೇ ಸರಿಯಾಗಿ ಅರಿತು, ಅರಿತಂತೆ ಹೇಳುವವನು. ಆ ಅಳತೆಗೆ ಸಂಘದ ಮಾತು ನಿಲ್ಲುತ್ತದೆ. ಮಾತು ಅದರ ವಿಷಯದ್ದೇ. ಎರಡು ಸಾವುಗಳಿಗೆ ಸಂಬಂಧವಿಲ್ಲ ಎಂದು ಯಾರೂ ತೋರಿಸಿಲ್ಲ ಎಂಬ ಕಾರಣವನ್ನೂ ಅದು ಜೊತೆಗೇ ಹೇಳಿತ್ತು. ಸಂಘದ ಹೆಸರನ್ನು ಅಳಿಸಿಹಾಕಿದರೂ ಆ ಕಾರಣ ಅಲ್ಲೇ ಉಳಿಯುತ್ತದೆ. 7.3 ಕೋಟಿಯ ಪಕ್ಕದಿಂದ ಡಾಕ್ಟರ ಹೆಸರನ್ನು ಅಳಿಸಿ ನೋಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ತಮ್ಮ ಫೈಲಿನಲ್ಲಿದ್ದ ತಜ್ಞರ ವರದಿಯನ್ನು ಮತ್ತೆ ಮೊದಲ ಪುಟದಿಂದ ಓದಲು ಕೂತರು.