ಪದ ಪರಿಚಯ: ಡಾರ್ಕ್ ಥೀಮ್

ನಮ್ಮ ಆಫೀಸು ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿದೆ. ಯಾವ ಸರ್ವರ್ ಸರಿಯಿದೆ, ಯಾವುದು ಕೈಕೊಟ್ಟಿದೆ ಎಂದು ತೋರಿಸುವ ಒಂದು ಡ್ಯಾಶ್‌ಬೋರ್ಡ್ ನಮ್ಮಲ್ಲಿದೆ. ನಾವೇ ಮಾಡಿಕೊಂಡದ್ದು, ನಾವೇ ನೋಡುವುದು. ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ರಾತ್ರಿ ಪಾಳಿಯವರು ಅರ್ಧ ಲೈಟು ಆರಿಸಿ ಕೂತಿರುತ್ತಾರೆ. ಆ ಕತ್ತಲಲ್ಲಿ ಎರಡು ದೊಡ್ಡ ಮಾನಿಟರ್ ತುಂಬ ಬೆಳ್ಳಗಿನ ಪುಟ. "ಎದುರಿಗೆ ಬರೋ ಲಾರಿ ಹೈಬೀಮ್ ಹಾಕಿದ ಹಾಗಿರುತ್ತೆ" ಎಂದು ಅವರಲ್ಲೊಬ್ಬರು ಗೊಣಗಿದರು. ನಾನು ಮ್ಯಾನೇಜರ್‌ಗೆ ಒಂದೇ ಸಾಲಿನ ಮೇಲ್ ಹಾಕಿದೆ: ಡ್ಯಾಶ್‌ಬೋರ್ಡಿಗೆ ಡಾರ್ಕ್ ಥೀಮ್ ಕೊಡೋಣವಾ ಸರ್?

ಹತ್ತು ನಿಮಿಷಕ್ಕೆ ಉತ್ತರ ಬಂತು. "ಬ್ಯಾಕ್‌ಗ್ರೌಂಡ್ ಕಪ್ಪು ಮಾಡೋದು ತಾನೇ? ಊಟದೊಳಗೆ ಮುಗಿಸಿಬಿಡಿ."

ಅವರ ತಪ್ಪೇನಿಲ್ಲ. ಹೆಸರು ಕೇಳಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಡಾರ್ಕ್ ಅನ್ನುವ ಪದವೇ ಎದ್ದು ಕಾಣುತ್ತದೆ, ಥೀಮ್ ಅನ್ನುವುದು ಸುಮ್ನೆ ಬಾಲದ ಹಾಗೆ ಹಿಂದೆ ಬರುತ್ತದೆ. ಆದರೆ ಕೆಲಸವೆಲ್ಲ ಇರುವುದು ಆ ಬಾಲದಲ್ಲೇ.

ಥೀಮ್ ಅಂದರೆ ಬಣ್ಣಗಳಿಗೆ ಅವು ಮಾಡುವ ಕೆಲಸದ ಮೇಲೆ ಹೆಸರಿಡುವುದು. ನಮ್ಮ ಹಳೆಯ ಕೋಡಿನಲ್ಲಿ ಎಲ್ಲೆಂದರಲ್ಲಿ `#ffffff` ಎಂದು ಬರೆದಿತ್ತು. ಅದು ಬಿಳಿ. ಆದರೆ ಯಾವ ಬಿಳಿ? ಒಂದು ಕಡೆ ಅದು ಪುಟದ ಹಿನ್ನೆಲೆ, ಇನ್ನೊಂದು ಕಡೆ ನೀಲಿ ಗುಂಡಿಯ ಮೇಲಿನ ಅಕ್ಷರ. ಎಲ್ಲ ಬಿಳಿಯನ್ನೂ ಒಟ್ಟಿಗೆ ಹುಡುಕಿ ಕಪ್ಪು ಮಾಡಿದರೆ ಹಿನ್ನೆಲೆಯ ಜೊತೆ ಗುಂಡಿಯ ಅಕ್ಷರವೂ ಕಪ್ಪಾಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಇದ್ದರೆ ಮಾತ್ರ ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಡಬಹುದು. ಕಂಪನಿ ನಾಟಕದ ಲೆಕ್ಕ ಇದು. ಪಾತ್ರದ ಹೆಸರು ಅದೇ ಇರುತ್ತದೆ, ಇವತ್ತಿನ ರಾತ್ರಿ ಬಣ್ಣ ಹಚ್ಚಿಕೊಂಡವರು ಬೇರೆ.

ಕೋಡಿನಲ್ಲಿ ಹೀಗೆ ಕಾಣುತ್ತದೆ:

```css
:root {
  --surface: #ffffff;
  --text: #1f1f1f;
  --danger: #b00020;
}
[data-theme="dark"] {
  --surface: #121212;
  --text: #e0e0e0;
  --danger: #cf6679;
}
```

ಮೇಲಿನದು ಬೆಳಕಿನ ಥೀಮ್, ಕೆಳಗಿನದು ಡಾರ್ಕ್ ಥೀಮ್. `--surface` ಅಂದರೆ ಹಿನ್ನೆಲೆ, `--text` ಅಂದರೆ ಅಕ್ಷರ, `--danger` ಅಂದರೆ ಅಪಾಯದ ಸೂಚನೆ. ಪುಟದ ಉಳಿದ ಭಾಗವೆಲ್ಲ ಈ ಹೆಸರುಗಳನ್ನಷ್ಟೇ ಕರೆಯಬೇಕು. ಯಾವ ಬಣ್ಣ ಬರುತ್ತದೆ ಅನ್ನುವುದು ಅದಕ್ಕೆ ಗೊತ್ತಿರಬೇಕಾಗಿಲ್ಲ.

ಇಲ್ಲಿ ಕೆಂಪು ಯಾಕೆ ಎರಡು ಬಗೆ ಅಂತ ನೀವು ಕೇಳಬಹುದು. ಮ್ಯಾನೇಜರ್ ಕೂಡ ಅದನ್ನೇ ಕೇಳಿದರು. ಕೆಂಪು ಕೆಂಪೇ ಅಲ್ವಾ?

ಅಲ್ಲ. ಅಕ್ಷರ ಓದಲು ಬರುತ್ತದೋ ಇಲ್ಲವೋ ಅನ್ನುವುದನ್ನು ಅಳೆಯಲು ವೆಬ್ಬಿನಲ್ಲಿ ಒಂದು ಲೆಕ್ಕ ಇದೆ. ಅದನ್ನು ಕಾಂಟ್ರಾಸ್ಟ್ ಅನುಪಾತ ಅನ್ನುತ್ತಾರೆ. ಎರಡು ಬಣ್ಣಗಳ ಹೊಳಪನ್ನು ತೆಗೆದುಕೊಂಡು, ಎರಡಕ್ಕೂ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಅಪ್ಪಟ ಬಿಳಿಯ ಮೇಲೆ ಅಪ್ಪಟ ಕಪ್ಪು ಇದ್ದರೆ 21 ಬರುತ್ತದೆ, ಅದಕ್ಕಿಂತ ಜಾಸ್ತಿ ಬರುವುದೇ ಇಲ್ಲ. ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಎನ್ನುವುದು ಸಾಮಾನ್ಯವಾಗಿ ಪಾಲಿಸುವ ಮಟ್ಟ. ದೊಡ್ಡ ಅಕ್ಷರಕ್ಕೆ 3 ಸಾಕು.

ಈಗ ನಮ್ಮ `#b00020` ಕೆಂಪನ್ನು ನೋಡಿ. ಬಿಳಿಯ ಮೇಲೆ ಅದಕ್ಕೆ ಸುಮಾರು 7.3 ಬರುತ್ತದೆ. ಆರಾಮಾಗಿ ಓದಬಹುದು. ಅದೇ ಕೆಂಪನ್ನು `#121212` ಮೇಲೆ ಇಟ್ಟರೆ ಸುಮಾರು 2.6ಕ್ಕೆ ಇಳಿಯುತ್ತದೆ. ನಾನು ಇದನ್ನು ಮಾಡಿಯೇ ತೋರಿಸಿದೆ. ಹಿನ್ನೆಲೆ ಮಾತ್ರ ಕಪ್ಪು ಮಾಡಿ, ಉಳಿದದ್ದು ಮುಟ್ಟದೆ, ಪುಟ ತೆರೆದೆ. "ಡಿಸ್ಕ್ ತುಂಬಿದೆ" ಅನ್ನುವ ಎಚ್ಚರಿಕೆ ಒಣಗಿದ ರಕ್ತದ ಕಲೆ ಥರ ಕಪ್ಪಿನೊಳಗೆ ಕೂತಿತ್ತು. ಒಂದು ಡ್ಯಾಶ್‌ಬೋರ್ಡಿನಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದು! ತಿಳಿಗೆಂಪು `#cf6679` ಹಾಕಿದ ಮೇಲೆ 5.2 ಬಂತು. ಕತ್ತಲ ಹಿನ್ನೆಲೆಗೆ ಬಣ್ಣಗಳು ತಿಳಿಯಾಗಬೇಕು, ಸ್ವಲ್ಪ ಮಂಕೂ ಆಗಬೇಕು. ಗಾಢ ಬಣ್ಣ ಹಾಗೇ ಬಿಟ್ಟರೆ ಕೆಲವು ಮುಳುಗುತ್ತವೆ, ಕೆಲವು ಕಣ್ಣಿಗೆ ಚುಚ್ಚುತ್ತವೆ.

ಹಿನ್ನೆಲೆ ಅಪ್ಪಟ ಕಪ್ಪು `#000000` ಅಲ್ಲದೆ `#121212` ಆಗಿರುವುದಕ್ಕೂ ಕಾರಣ ಇದೆ. ಬೆಳಕಿನ ಪುಟದಲ್ಲಿ ಒಂದು ಪೆಟ್ಟಿಗೆ ಮೇಲೆದ್ದಿದೆ ಅಂತ ತೋರಿಸಲು ಅದರ ಕೆಳಗೆ ನೆರಳು ಹಾಕುತ್ತೇವೆ. ಕಪ್ಪಿನ ಮೇಲೆ ನೆರಳು ಎಲ್ಲಿ ಕಾಣುತ್ತದೆ? ಆಗ ಮೇಲೆದ್ದ ಪೆಟ್ಟಿಗೆಗೆ ಹಿನ್ನೆಲೆಗಿಂತ ಒಂದು ಚೂರು ತಿಳಿಯಾದ ಬೂದು ಕೊಡಬೇಕು. ತಳವೇ ಕಡುಗಪ್ಪಾದರೆ, ಅದರ ಪಕ್ಕದ ಬೂದುಗಳು ಎಷ್ಟೋ ಮಾನಿಟರ್‌ಗಳಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ.

"ಎಲ್ಲಾ ತಿರುಗಿಸಿಬಿಟ್ಟರೆ?" ಎಂದು ಪಕ್ಕದ ಟೀಮಿನವರು ಕೇಳಿದರು. ಸಿಎಸ್‌ಎಸ್‌ನಲ್ಲಿ `filter: invert(1)` ಅಂತ ಒಂದೇ ಸಾಲು ಬರೆದರೆ ಇಡೀ ಪುಟ ಉಲ್ಟಾ ಆಗುತ್ತದೆ, ನಿಜ. ಆದರೆ ಕೆಂಪು ಹೋಗಿ ತಿಳಿನೀಲಿ ಬರುತ್ತದೆ, ಹಸಿರು ಹೋಗಿ ಗುಲಾಬಿ ಬರುತ್ತದೆ. ಉದ್ಯೋಗಿಗಳ ಫೋಟೋ ಹಳೇ ಕಾಲದ ಫಿಲ್ಮ್ ನೆಗೆಟಿವ್ ಥರ ಆಗುತ್ತದೆ. ಅದು ಡಾರ್ಕ್, ಥೀಮ್ ಅಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಡಾರ್ಕ್ ಮೋಡ್, ಡಾರ್ಕ್ ಥೀಮ್ ಎರಡೂ ಒಂದೇ. ಆಪಲ್‌ನವರು ಮೋಡ್ ಅನ್ನುತ್ತಾರೆ, ಆಂಡ್ರಾಯ್ಡ್‌ನಲ್ಲಿ ಥೀಮ್ ಅಂತಿದೆ. 2018ರಲ್ಲಿ ಮ್ಯಾಕ್‌ಗೆ, 2019ರಲ್ಲಿ ಐಫೋನ್ ಮತ್ತು ಆಂಡ್ರಾಯ್ಡ್ 10ಕ್ಕೆ ಬಂದ ಮೇಲೆ ಇದು ಎಲ್ಲರ ಬಾಯಲ್ಲಿ ಬಂತು. ಕಪ್ಪು ಪರದೆಯೇನೂ ಹೊಸದಲ್ಲ. ಹಳೆಯ ಟರ್ಮಿನಲ್‌ಗಳಲ್ಲಿ ಹಸಿರು ಅಕ್ಷರ ಕಪ್ಪಿನ ಮೇಲೇ ಮಿನುಗುತ್ತಿತ್ತು. ಕಾಗದದ ಹಾಗೆ ಕಾಣಲಿ ಎಂದು ಪರದೆ ಬೆಳ್ಳಗಾದದ್ದು ಆಮೇಲೆ.

ಸರಿ, ನನ್ನ ಎರಡನೇ ಮೇಲ್‌ಗೆ ಬರುತ್ತೇನೆ. ಆಫೀಸಿನ ಮೇಲ್ ಇಂಗ್ಲಿಷ್‌ನಲ್ಲೇ ಇತ್ತು, ತಿರುಳು ಇಷ್ಟು:

"ಸರ್, ಡ್ಯಾಶ್‌ಬೋರ್ಡಿಗೆ ಡಾರ್ಕ್ ಥೀಮನ್ನು ಒಂದು ಆಯ್ಕೆಯಾಗಿ ಕೊಡಬೇಕು ಅನ್ನುವುದು ನನ್ನ ಪ್ರಸ್ತಾಪ. ಈಗಿನ ಬಿಳಿ ಪುಟ ಹಾಗೇ ಇರುತ್ತದೆ. ಮೊದಲ ವಾರ ಕಣ್ಣಿಗೆ ಏನೂ ಬದಲಾಗುವುದಿಲ್ಲ. ಆ ವಾರ ಕೋಡಿನಲ್ಲಿ ನೇರವಾಗಿ ಬರೆದ ಬಣ್ಣಗಳನ್ನೆಲ್ಲ ಹೆಸರುಗಳಿಗೆ ಬದಲಿಸುತ್ತೇನೆ. ಎರಡನೇ ವಾರ ಆ ಹೆಸರುಗಳಿಗೆ ಡಾರ್ಕ್ ಬಣ್ಣ ಕೊಟ್ಟು, ಪ್ರತಿಯೊಂದರ ಕಾಂಟ್ರಾಸ್ಟ್ ಅಳೆಯುತ್ತೇನೆ. ಶುರುವಿಗೆ ರಾತ್ರಿ ಪಾಳಿ ನೋಡುವ ಎಚ್ಚರಿಕೆಗಳ ಪುಟ ಮಾತ್ರ. ಗ್ರಾಫ್‌ಗಳಿಗೆ ಬೇರೆ ಕೆಲಸ ಬೇಕು, ಅವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಪ್ರಿಂಟ್ ಮತ್ತು ಪಿಡಿಎಫ್ ಯಾವಾಗಲೂ ಬಿಳಿಯಲ್ಲೇ ಬರುತ್ತದೆ."

ಇದರಲ್ಲಿ ಎರಡು ಮಾತನ್ನು ಬೇಕೆಂದೇ ಬರೆಯಲಿಲ್ಲ. ಒಂದು, ಕರೆಂಟ್ ಉಳಿಯುತ್ತದೆ ಅನ್ನುವುದು. ಓಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಚುಕ್ಕೆ ಆರಿರುತ್ತದೆ. ಹಾಗಾಗಿ ಫೋನಿನಲ್ಲಿ ಬ್ಯಾಟರಿ ಉಳಿಯಬಹುದು. ನಮ್ಮ ಟೇಬಲ್ ಮೇಲಿರುವುದು ಎಲ್‌ಸಿಡಿ ಮಾನಿಟರ್. ಅದರ ಹಿಂದಿನ ಲೈಟು ಪುಟ ಕಪ್ಪಿದ್ದರೂ ಉರಿಯುತ್ತಲೇ ಇರುತ್ತದೆ. ಎರಡು, ಕಣ್ಣಿಗೆ ಒಳ್ಳೆಯದು ಅನ್ನುವುದು. ಕತ್ತಲ ಕೋಣೆಯಲ್ಲಿ ಹಿತ ಅನಿಸುವುದು ಹೌದು. ಹಗಲಿನ ಬೆಳಕಿನಲ್ಲಿ ಬಿಳಿಯ ಮೇಲಿನ ಕಪ್ಪು ಅಕ್ಷರವನ್ನೇ ಹೆಚ್ಚಿನವರು ಚೆನ್ನಾಗಿ ಓದುತ್ತಾರೆ. ಕಪ್ಪು ಪರದೆ ನೋಡುವಾಗ ಕಣ್ಣಿನ ಪಾಪೆ ಅಗಲವಾಗುತ್ತದೆ, ಆಗ ದೃಷ್ಟಿಯ ಸಣ್ಣ ದೋಷವೂ ಎದ್ದು ಕಾಣುತ್ತದೆ. ಅಸ್ಟಿಗ್ಮ್ಯಾಟಿಸಮ್ ಎಂಬ ದೃಷ್ಟಿದೋಷ ಇರುವ ಕೆಲವರಿಗೆ ಬಿಳಿ ಅಕ್ಷರದ ಅಂಚು ಹಬ್ಬಿದ ಹಾಗೆ ಕಾಣುತ್ತದೆ. ಮೇಲ್‌ನಲ್ಲಿ "ಆಯ್ಕೆ" ಅನ್ನುವ ಪದ ಇದಕ್ಕೇ ಬೇಕಿತ್ತು.

ಗ್ರಾಫ್ ಯಾಕೆ ಹೊರಗಿಟ್ಟೆ ಅಂದರೆ, ನಮ್ಮ ಗ್ರಾಫ್‌ಗಳನ್ನು `canvas` ಮೇಲೆ ಬಿಡಿಸುತ್ತೇವೆ. ಅದು ಗೋಡೆಗೆ ಬಳಿದ ಬಣ್ಣದ ಹಾಗೆ, ಒಮ್ಮೆ ಬಿಡಿಸಿದ ಮೇಲೆ ಮೇಲಿನ ಹೆಸರುಗಳು ಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಥೀಮ್ ಬದಲಾದಾಗ ಮತ್ತೆ ಬಿಡಿಸು ಎಂದು ನಾವೇ ಹೇಳಬೇಕು.

ಮುಂದೆ ಕೆಲಸ ಶುರುವಾದ ಮೇಲೆ ಸಿಕ್ಕ ಒಂದು ತೊಡಕನ್ನೂ ಹೇಳಿಬಿಡುತ್ತೇನೆ. ಡಾರ್ಕ್ ಆರಿಸಿಕೊಂಡವರು ಪುಟ ರಿಫ್ರೆಶ್ ಮಾಡಿದಾಗೆಲ್ಲ ಒಂದು ಕ್ಷಣ ಬಿಳಿ ಫ್ಲ್ಯಾಶ್ ಹೊಡೆಯುತ್ತಿತ್ತು. ಅವರ ಆಯ್ಕೆಯನ್ನು ಬ್ರೌಸರ್ ತನ್ನ `localStorage`ನಲ್ಲಿ ಇಟ್ಟುಕೊಂಡಿರುತ್ತದೆ. ನಮ್ಮ ಕೋಡ್ ಅದನ್ನು ಓದುವಷ್ಟರಲ್ಲಿ ಬಿಳಿ ಪುಟ ಬಂದಾಗಿರುತ್ತಿತ್ತು. ಕತ್ತಲಲ್ಲಿ ಕೂತವರಿಗೆ ಇದು ಮೊದಲಿನದಕ್ಕಿಂತ ಕಷ್ಟ. ಓದುವ ಆ ಎರಡು ಸಾಲನ್ನು ಪುಟದ `head`ಗೆ, ಎಲ್ಲಕ್ಕಿಂತ ಮೇಲೆ, ಸರಿಸಿದ ಮೇಲೆ ನಿಂತಿತು. ಇನ್ನೂ ಏನೂ ಆರಿಸದವರಿಗೆ `prefers-color-scheme` ನೋಡಿ, ಅವರ ಕಂಪ್ಯೂಟರಿನ ಸೆಟ್ಟಿಂಗ್ ಹೇಗಿದೆಯೋ ಹಾಗೆ ಬಿಡುತ್ತೇವೆ.

ಎರಡನೇ ಮೇಲ್‌ಗೆ ಉತ್ತರ ಮಾರನೇ ದಿನ ಬಂತು. "ಸರಿ, ಎಚ್ಚರಿಕೆಗಳ ಪುಟದಿಂದ ಶುರು ಮಾಡಿ. ನನಗೆ ಮಾತ್ರ ಬಿಳಿಯೇ ಇರಲಿ. ಕಪ್ಪಿನ ಮೇಲೆ ಅಕ್ಷರ ಎಲ್ಲಾ ಎರಡೆರಡು ಕಾಣುತ್ತೆ, ನನ್ನ ಕನ್ನಡಕದ ನಂಬರ್ ನಿಮಗೆ ಗೊತ್ತಲ್ಲ."