W-8BEN: ಅಮೆರಿಕದ ಗ್ರಾಹಕರು ಕೇಳುವ ತೆರಿಗೆ ಘೋಷಣೆ

ಅಮೆರಿಕದಲ್ಲಿ ಹುಟ್ಟಿದ ಆದಾಯವೆಂದು ಎಣಿಸಲಾಗುವ ಹಣವನ್ನು ವಿದೇಶಿಯರಿಗೆ ಕೊಡುವಾಗ, ಅಲ್ಲಿನ ಪಾವತಿದಾರರು ಸಾಮಾನ್ಯವಾಗಿ ಶೇ. 30ರಷ್ಟನ್ನು ಮೊದಲೇ ಮುರಿದುಕೊಳ್ಳಬೇಕು. ಹಣ ಪಡೆಯುವವರು ಅಮೆರಿಕದವರಲ್ಲ, ಆ ಆದಾಯಕ್ಕೆ ನಿಜವಾದ ಹಕ್ಕುದಾರರು ತಾವೇ ಎಂದು ಸಹಿ ಹಾಕಿ ತಿಳಿಸುವ ಪತ್ರವೇ W-8BEN. ಇದನ್ನು ಅಮೆರಿಕದ ತೆರಿಗೆ ಇಲಾಖೆಗೆ ಕಳಿಸುವುದಿಲ್ಲ. ಹಣ ಕೊಡುವವರಿಗೆ ಕೊಟ್ಟರೆ ಅವರು ತಮ್ಮ ಕಡತದಲ್ಲಿ ಇಟ್ಟುಕೊಳ್ಳುತ್ತಾರೆ. ವ್ಯಕ್ತಿಗಳಿಗೆ ಮಾತ್ರ ಈ ನಮೂನೆ ಸಲ್ಲುತ್ತದೆ; ಕಂಪನಿಗಳಿಗೆ W-8BEN-E ಬೇರೆ ಇದೆ.

ಗಂಗಾವತಿಯ ಒಬ್ಬ ವಿನ್ಯಾಸಕಿ ತನ್ನ ಮನೆಯಲ್ಲೇ ಕುಳಿತು ಟೆಕ್ಸಾಸ್‌ನ ಸಂಸ್ಥೆಗೆ 1,000 ಡಾಲರಿಗೆ ಲಾಂಛನ ಮಾಡಿಕೊಟ್ಟಳು ಎಂದುಕೊಳ್ಳೋಣ. ಸೇವೆಯ ಆದಾಯ ಎಲ್ಲಿಯದು ಎಂಬುದನ್ನು ತೀರ್ಮಾನಿಸುವುದು ಗ್ರಾಹಕರ ಊರಲ್ಲ, ಕೆಲಸ ನಡೆದ ಜಾಗ. ಕೆಲಸವೆಲ್ಲ ಗಂಗಾವತಿಯಲ್ಲೇ ನಡೆದದ್ದರಿಂದ ಈ ಹಣ ಅಮೆರಿಕದ ಆದಾಯವಲ್ಲ, ಕಡಿತವೂ ಸಲ್ಲದು. ಭಾರತ-ಅಮೆರಿಕ ತೆರಿಗೆ ಒಪ್ಪಂದದಿಂದಲೇ ಈ ವಿನಾಯಿತಿ ಸಿಗುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಒಪ್ಪಂದದ ಲಾಭ ಕೇಳುವ ಎರಡನೆಯ ಭಾಗವನ್ನು ಇಂಥ ಕೆಲಸಕ್ಕೆ ಖಾಲಿ ಬಿಡಬಹುದು.

ಆಕೆಯೇ ಆನೆಗೊಂದಿಯ ಛಾಯಾಚಿತ್ರಗಳನ್ನು ಅಮೆರಿಕದ ಜಾಲತಾಣದ ಮೂಲಕ ಬಳಕೆಗೆ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಅದು ರಾಯಲ್ಟಿ, ಚಿತ್ರ ಅಮೆರಿಕದಲ್ಲಿ ಬಳಕೆಯಾದಷ್ಟರ ಮಟ್ಟಿಗೆ ಅಲ್ಲಿನ ಆದಾಯವೇ ಆಗುತ್ತದೆ. ಅಂಥ 100 ಡಾಲರಿನಲ್ಲಿ 30 ಡಾಲರ್ ಹೋಗುವ ಬದಲು, ಒಪ್ಪಂದದ 12ನೆಯ ವಿಧಿಯ ಪ್ರಕಾರ 15 ಡಾಲರ್ ಮಾತ್ರ ಹೋಗುತ್ತದೆ. ಅದಕ್ಕಾಗಿ 9ನೆಯ ಸಾಲಿನಲ್ಲಿ ಭಾರತವೆಂದೂ, 10ನೆಯದರಲ್ಲಿ ವಿಧಿ, ದರ ಮತ್ತು ಆದಾಯದ ಬಗೆಯನ್ನೂ ಬರೆಯಬೇಕು.

ತುಂಬುವಾಗ ತೊಡಕಾಗುವುದು ಸಣ್ಣ ಸಂಗತಿಗಳಿಂದಲೇ. ನಮ್ಮ ಕಡೆ ಬ್ಯಾಂಕಿನಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಪೂರ್ಣ ಹೆಸರು ಇರುವುದು ಸಾಮಾನ್ಯ. ಪ್ಯಾನ್‌ನಲ್ಲಿರುವಂತೆಯೇ ಬರೆಯುವುದು ಕ್ಷೇಮ. ಪ್ಯಾನ್ ಸಂಖ್ಯೆ 6a ಸಾಲಿಗೆ ಸೇರುತ್ತದೆ. 5ನೆಯ ಸಾಲು ಅಮೆರಿಕದ ತೆರಿಗೆ ಸಂಖ್ಯೆಗೆ ಮೀಸಲು. ಖಾಯಂ ವಿಳಾಸದ ಜಾಗದಲ್ಲಿ ಅಂಚೆಪೆಟ್ಟಿಗೆ ಸಂಖ್ಯೆ ಕೊಡುವಂತಿಲ್ಲ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು ಬರಬೇಕು: 1994ರ ಮೇ 7 ಎಂದರೆ 05-07-1994. ತಿರುವುಮುರುವಾದರೆ ಜುಲೈ 5 ಆಗಿಬಿಡುತ್ತದೆ, ದಾಖಲೆಗೂ ನಮೂನೆಗೂ ತಾಳೆಯಾಗುವುದಿಲ್ಲ.

ಸಹಿ ಹಾಕಿದ ವರ್ಷದ ನಂತರದ ಮೂರನೆಯ ವರ್ಷದ ಕೊನೆಯವರೆಗೆ ಸಾಮಾನ್ಯವಾಗಿ ಇದು ಊರ್ಜಿತವಾಗಿರುತ್ತದೆ. 2025ರ ಆಗಸ್ಟಿನಲ್ಲಿ ಸಹಿ ಹಾಕಿದ್ದರೆ 2028ರ ಡಿಸೆಂಬರ್ 31ರವರೆಗೆ. ನಡುವೆ ಬೇರೆ ದೇಶಕ್ಕೆ ವಾಸ ಬದಲಿಸಿದರೆ 30 ದಿನಗಳೊಳಗೆ ಪಾವತಿದಾರರಿಗೆ ತಿಳಿಸಬೇಕು. ಈ ನಮೂನೆ ಅಮೆರಿಕದ ಕಡಿತಕ್ಕೆ ಮಾತ್ರ ಸಂಬಂಧಿಸಿದ್ದು. ಲಾಂಛನದ 1,000 ಡಾಲರನ್ನೂ ರಾಯಲ್ಟಿಯನ್ನೂ ಆಕೆ ಭಾರತದ ರಿಟರ್ನ್‌ನಲ್ಲಿ ಪೂರ್ತಿಯಾಗಿ ತೋರಿಸಲೇಬೇಕು.