ದಿನ ನೋಡಿ ಮುಟ್ಟಬೇಕಾದ ಕಡಲು

ಗೋಕರ್ಣದ ದಂಡೆಯಲ್ಲಿ ಈಗ ದಿನವೂ ಜನ ನೀರಿಗಿಳಿಯುತ್ತಾರೆ. ಹಳಬರ ಲೆಕ್ಕ ಬೇರೆ ಇತ್ತು. ಧರ್ಮಶಾಸ್ತ್ರದ ಒಂದು ಶ್ಲೋಕ ಅಶ್ವತ್ಥ ಮರಕ್ಕೂ ಸಮುದ್ರಕ್ಕೂ ಒಂದೇ ನಿಯಮ ಹೇಳುತ್ತದೆ: ಎರಡನ್ನೂ ಪೂಜಿಸಿ, ಕಂಡಕಂಡಾಗ ಮುಟ್ಟಬೇಡಿ. ಮರವನ್ನು ಶನಿವಾರ ಮುಟ್ಟಬಹುದು. ಕಡಲನ್ನು ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನಗಳಲ್ಲಿ ಮುಟ್ಟಬಹುದು.

ಕಾಡಿಗೂ ಇಂಥದೇ ಕಟ್ಟಳೆ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಾಡು ಸುತ್ತುತ್ತ 1801ರಲ್ಲಿ ಕಾರವಾರದ ಕಡೆ ಬಂದಿದ್ದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಕಾಡು ಊರದೇವರ ಆಸ್ತಿ. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು, ಪೂಜಾರಿಯೂ ಅವನೇ. ಅಪ್ಪಣೆಗೆ ಕಾಸಿಲ್ಲ, ಆದರೆ ಕೇಳದೆ ಕಡಿದರೆ ದೇವರು ಸುಮ್ನೆ ಬಿಡುವುದಿಲ್ಲ. ಸರ್ಕಾರ ಕಾಡನ್ನು ತನ್ನದೆನ್ನದಿರಲಿ ಅಂತ ಜನ ಮಾಡಿಕೊಂಡ ಉಪಾಯ ಇದು ಎಂದು ಬುಕಾನನ್‌ಗೆ ಅನಿಸಿತು. ಇರಬಹುದು. ಆದರೆ ಶಿರಸಿ ಕಡೆ ಕಾನಿನಲ್ಲಿ ಚೌಡಿ, ಜಟಕನ ಕಲ್ಲಿಗೆ ಇಂದಿಗೂ ಕಾಯಿ ಒಡೆಯುವವರಿಗೆ ಯಾವ ಸರ್ಕಾರವೂ ನೆನಪಿರುವುದಿಲ್ಲ ಅಲ್ವಾ?

ಬೆಟ್ಟದ ಮಾತಿಗೆ ಯಾಣವೊಂದು ಸಾಕು. ಅಲ್ಲಿ ಭೈರವೇಶ್ವರನ ಲಿಂಗದ ಮೇಲೆ ಬಂಡೆಯಿಂದಲೇ ನೀರು ತೊಟ್ಟಿಕ್ಕುತ್ತದೆ. ಆ ನೀರೂ ಗಂಗೆಯೇ.

ಇನ್ನು ಸಂಗಮ. ತೀರ್ಥ ಎಂಬ ಪದದ ಮೂಲ ಅರ್ಥ ಹೊಳೆ ದಾಟುವ ಜಾಗ. ಈ ದಡದಿಂದ ಆ ದಡಕ್ಕೆ ದಾಟುವುದೇ ಮುಂದೆ ಸಂಸಾರ ದಾಟುವ ಮಾತಾಯಿತು. ಎರಡು ನೀರು ಸೇರುವಲ್ಲಿ ಆ ಫಲ ಜಾಸ್ತಿ ಎಂಬ ನಂಬಿಕೆ ಹಳೆಯದು. ಬಿಳಿ, ಕಪ್ಪು ಹೊಳೆಗಳು ಕೂಡುವಲ್ಲಿ ಮಿಂದವರು ಸ್ವರ್ಗಕ್ಕೆ ಏರುತ್ತಾರೆ ಎಂದು ಋಗ್ವೇದಕ್ಕೆ ಅನುಬಂಧವಾಗಿ ಸೇರಿದ ಖಿಲಭಾಗದ ಒಂದು ಮಂತ್ರ ಹೇಳುತ್ತದೆ. ಅದನ್ನು ಪ್ರಯಾಗದ ಗಂಗೆ, ಯಮುನೆಯರಿಗೆ ಹೊಂದಿಸುತ್ತಾರೆ.

ನಮ್ಮ ಕರಾವಳಿಯಲ್ಲಿ ಸಂಗಮ ಅಂದರೆ ಹೊಳೆ ಕಡಲು ಸೇರುವ ಅಳಿವೆ. ಘಟ್ಟದ ಮೇಲೆ ಬೇಡ್ತಿ ಆಗಿದ್ದ ಹೊಳೆ ಕೆಳಗಿಳಿದು ಗಂಗಾವಳಿಯಾಗುತ್ತದೆ, ಕಡಲು ಸೇರಿದ ಮೇಲೆ ಆ ಹೆಸರೂ ಇಲ್ಲ. ನದಿಗಳು ನಾಮರೂಪ ಬಿಟ್ಟು ಸಮುದ್ರದಲ್ಲಿ ಲೀನವಾಗುವಂತೆ ಜ್ಞಾನಿ ಬ್ರಹ್ಮವನ್ನು ಸೇರುತ್ತಾನೆ ಎಂದು ಮುಂಡಕೋಪನಿಷತ್ತು ಹೇಳುವುದೂ ಇದನ್ನೇ. ಇಲ್ಲಿನವರು ಅದನ್ನು ಮದುವೆ ಮಾಡಿ ತೋರಿಸುತ್ತಾರೆ. ಗಂಗಾವಳಿಯ ಗಂಗಾಮಾತೆಗೂ ಗೋಕರ್ಣದ ಮಹಾಬಲೇಶ್ವರನಿಗೂ ದೀಪಾವಳಿ ಹೊತ್ತಿಗೆ ಲಗ್ನ.

ಸ್ನಾನದ ಕ್ರಮ ಸರಳ. ಸಂಕಲ್ಪ, ಗಂಗೆಯಿಂದ ಕಾವೇರಿವರೆಗೆ ಏಳು ನದಿಗಳ ಹೆಸರು ಹೇಳಿ ಕರೆಯುವುದು, ಮೂರು ಮುಳುಗು, ಹಿರಿಯರಿಗೆ ತರ್ಪಣ. ಸೋಪು ಬೇಡ. ಹರಿವ ನೀರಿನಲ್ಲಿ ಹರಿವಿಗೆ ಎದುರಾಗಿ ನಿಲ್ಲಬೇಕು. ಆದರೆ ಅಳಿವೆಯಲ್ಲಿ ಉಬ್ಬರ ಏರಿದಾಗ ನೀರೇ ಹಿಂದಕ್ಕೆ ಹರಿಯುತ್ತದೆ. ಆಗ ನಿಂತ ನೀರಿನ ನಿಯಮದಂತೆ ಸೂರ್ಯನ ಕಡೆ ಮುಖ ಮಾಡಿದರಾಯಿತು.

ಒಂದು ತೊಡಕಿದೆ. ಪರ್ವದಿನವಾದ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲೇ ಉಬ್ಬರ, ಇಳಿತ ಎರಡೂ ಜೋರು. ಇಳಿತ ಶುರುವಾದರೆ ಹೊಳೆಯೂ ಕಡಲೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಅಂಥ ಹೊತ್ತಲ್ಲಿ ಅಳಿವೆಯ ಬಾಯಿಂದ ದೂರ, ಮೊಣಕಾಲುದ್ದ ನೀರಲ್ಲಿ ಕೂತು ತಲೆ ಮುಳುಗಿಸಿದರೂ ಸ್ನಾನ ಸ್ನಾನವೇ.